ತಾಮ್ರ, ಅಲ್ಯುಮಿನಿಯಂ, ಸತು: Ksp ಹಿಡಿದು ಮೂರನ್ನೂ ಬೇರೆ ಮಾಡುವುದು ಹೇಗೆ

ಸಾಲ್ಟ್ ಅನಾಲಿಸಿಸ್ ಮಾಡಿದ ಎಲ್ಲರಿಗೂ ಕ್ರಮ ಬಾಯಿಪಾಠ ಇರುತ್ತದೆ. ಡೈಲ್ಯೂಟ್ HCl ಹಾಕು, H₂S ಬಿಡು, ಕುದಿಸು, NH₄Cl ಹಾಕು, NH₄OH ಹಾಕು, ಮತ್ತೆ H₂S ಬಿಡು. ಆದರೆ ಅದೇ H₂S ಯಾಕೆ ಎರಡು ಸಲ? ಮೊದಲ ಸಲ ತಾಮ್ರವನ್ನು ಮಾತ್ರ ಬೀಳಿಸಿದ ಅನಿಲ ಎರಡನೇ ಸಲ ಸತುವನ್ನು ಹೇಗೆ ಬೀಳಿಸಿತು? NH₄OH ಒಂದೇ ಸಾಲದೇ, ಅದರ ಮುಂಚೆ NH₄Cl ಯಾಕೆ? ಇದಕ್ಕೆಲ್ಲ ಉತ್ತರ ಇರುವುದು Ksp ಲೆಕ್ಕದಲ್ಲಿ, ಅಂದರೆ ಪಠ್ಯದಲ್ಲಿ ವಿಲೀನತಾ ಗುಣಲಬ್ಧ ಅಂತ ಬರುತ್ತದಲ್ಲ, ಅದರಲ್ಲಿ. ಒಂದೇ ಒಂದು ಮಿಶ್ರಣವನ್ನು ಹಿಡಿದು, ಪ್ರತಿ ಹೆಜ್ಜೆಯಲ್ಲೂ ಲೆಕ್ಕ ಹಾಕುತ್ತಾ ಹೋಗೋಣ.

ಗುಂಪುಗಳಾಗಿ ಬೇರೆ ಮಾಡುವ ವಿಧಾನವನ್ನು ಫ್ರೆಸೀನಿಯಸ್ 1841ರಲ್ಲೇ ವ್ಯವಸ್ಥಿತವಾಗಿ ಬರೆದಿಟ್ಟಿದ್ದರು. ನರ್ನ್‌ಸ್ಟ್ ಅವರು ವಿಲೀನತಾ ಗುಣಲಬ್ಧದ ಸಿದ್ಧಾಂತ ಕೊಟ್ಟದ್ದು 1889ರಲ್ಲಿ. ಅಂದರೆ ಕೆಲಸ ಮೊದಲು ಬಂತು, ಕಾರಣ ಆಮೇಲೆ ಸಿಕ್ಕಿತು. ಈಗ ನಮಗೆ ಕಾರಣ ಗೊತ್ತಿದೆ, ಹಾಗಾಗಿ ಎಲ್ಲಿ ಕೆಡುತ್ತದೆ ಅನ್ನುವುದನ್ನೂ ಮೊದಲೇ ಹೇಳಬಹುದು.

ಮೊದಲು Ksp ಏನು ಹೇಳುತ್ತದೆ

CuS ತರಹದ ಕರಗದ ಲವಣವನ್ನು ನೀರಿಗೆ ಹಾಕಿದರೂ ಚೂರೇ ಚೂರು ಕರಗುತ್ತದೆ. ದ್ರಾವಣದಲ್ಲಿರುವ Cu²⁺ ಮತ್ತು S²⁻ ಅಯಾನುಗಳ ಸಾರತೆಗಳನ್ನು ಗುಣಿಸಿದರೆ ಒಂದು ಮಿತಿ ಸಿಗುತ್ತದೆ, ಆ ಉಷ್ಣತೆಯಲ್ಲಿ ಅದನ್ನು ದಾಟುವಂತಿಲ್ಲ. ಅದೇ Ksp. ನೀವು ಬೆರೆಸಿದ ದ್ರಾವಣದಲ್ಲಿ ಈ ಗುಣಲಬ್ಧ ಎಷ್ಟಿದೆಯೋ ಅದನ್ನು Q ಅನ್ನೋಣ. Q ಮಿತಿಗಿಂತ ಕಡಿಮೆ ಇದ್ದರೆ ಏನೂ ಬೀಳುವುದಿಲ್ಲ. ಜಾಸ್ತಿ ಆದರೆ, ಮಿತಿಗೆ ಇಳಿಯುವವರೆಗೂ ಪ್ರಕ್ಷೇಪ ಬೀಳುತ್ತದೆ.

ಎರಡು ಲೋಹಗಳು ಒಟ್ಟಿಗೆ ಇದ್ದಾಗ ನಾವು ಮಾಡುವುದು ಇಷ್ಟೇ. ಕಾರಕದ ಅಯಾನು, ಅಂದರೆ S²⁻ ಅಥವಾ OH⁻, ಎಷ್ಟಿರಬೇಕು ಅಂದರೆ ಒಂದು ಲೋಹ ತನ್ನ ಮಿತಿ ದಾಟಬೇಕು, ಇನ್ನೊಂದು ದಾಟಬಾರದು. ಕಾರಕವನ್ನು ಸುಮ್ನೆ ಸುರಿದರೆ ಎರಡೂ ಬೀಳುತ್ತವೆ. ಕಾರಕದ ಅಯಾನನ್ನು ಹಿಡಿತದಲ್ಲಿಟ್ಟರೆ ಮಾತ್ರ ಒಂದು ಬೀಳುತ್ತದೆ. S²⁻ ಅನ್ನು ಹಿಡಿತದಲ್ಲಿಡಲು HCl, OH⁻ ಅನ್ನು ಹಿಡಿತದಲ್ಲಿಡಲು NH₄Cl.

ಒಂದು ಎಚ್ಚರಿಕೆ. ಕೋಷ್ಟಕದಲ್ಲಿ ಯಾವ Ksp ಚಿಕ್ಕದೋ ಅದೇ ಮೊದಲು ಬೀಳುತ್ತದೆ ಅಂತ ಕಣ್ಣುಮುಚ್ಚಿ ಹೇಳಬೇಡಿ. ಸೂತ್ರದ ರೂಪ ಒಂದೇ ಆಗಿದ್ದರೆ ಮಾತ್ರ ಹಾಗೆ ನೇರ ಹೋಲಿಸಬಹುದು. AgCl ನ Ksp 1.8×10⁻¹⁰, Ag₂CrO₄ ನದು 1.1×10⁻¹². ಎರಡನೆಯದು ಚಿಕ್ಕದು, ಆದರೂ ನೀರಿನಲ್ಲಿ ಜಾಸ್ತಿ ಕರಗುವುದು ಅದೇ. ಬೆಳ್ಳಿಯ ಸಾರತೆಯ ವರ್ಗ ಬರುತ್ತದೆ, ಅದಕ್ಕೆ.

ಮಿಶ್ರಣ ತಯಾರಿ

ಮೂರು ಲವಣ ಸಾಕು: ಮೈಲುತುತ್ತ, ಜಿಂಕ್ ಸಲ್ಫೇಟ್, ಪಟಿಕ. 100 mL ಗೆ CuSO₄·5H₂O 0.25 ಗ್ರಾಂ, ZnSO₄·7H₂O 0.29 ಗ್ರಾಂ, ಪೊಟ್ಯಾಶ್ ಆಲಂ 0.47 ಗ್ರಾಂ ತೂಗಿ. ಸುಮಾರು 80 mL ನೀರಿನಲ್ಲಿ ಕರಗಿಸಿ, 2 M HCl 15 mL ಹಾಕಿ, 100 mL ಗೆ ತುಂಬಿಸಿ. ಈಗ ಪ್ರತಿ ಲೋಹವೂ 0.01 M, ಆಮ್ಲ 0.3 M. ಈ 0.3 ಅನ್ನುವ ಅಂಕಿಯ ಮೇಲೇ ಮೊದಲ ಹಂತ ಪೂರ್ತಿ ನಿಂತಿದೆ.

ಪ್ರಯೋಗಕ್ಕೆ ಇದರಲ್ಲಿ 10 mL ತೆಗೆದುಕೊಳ್ಳಿ.

ಹಂತ 1: ಆಮ್ಲದಲ್ಲಿ H₂S, ತಾಮ್ರ ಮಾತ್ರ

H₂S ದುರ್ಬಲ ಆಮ್ಲ. ಅದು ಎರಡು H⁺ ಬಿಟ್ಟರೆ ಮಾತ್ರ S²⁻ ಸಿಗುತ್ತದೆ. ದ್ರಾವಣದಲ್ಲಿ ಮೊದಲೇ H⁺ ತುಂಬಿದ್ದರೆ ಈ ವಿಘಟನೆ ಹಿಂದಕ್ಕೆ ಸರಿಯುತ್ತದೆ, S²⁻ ವಿಪರೀತ ಕಡಿಮೆ ಆಗುತ್ತದೆ. H⁺ ಎರಡು ಪಟ್ಟಾದರೆ S²⁻ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ವರ್ಗದ ಸಂಬಂಧ ಇರುವುದರಿಂದಲೇ ಆಮ್ಲದ ಅಳತೆಯಲ್ಲಿ ಸ್ವಲ್ಪ ತಪ್ಪಿದರೂ ಫಲಿತಾಂಶ ಜಾಸ್ತಿ ಬದಲಾಗುತ್ತದೆ.

ಲೆಕ್ಕಕ್ಕೆ ಇಳಿಯುವ ಮುಂಚೆ ಒಂದು ವಿಷಯ ಹೇಳಲೇಬೇಕು. ಕೋಷ್ಟಕಗಳಲ್ಲಿ CuS ಗೆ 6.3×10⁻³⁶, ZnS ಗೆ 1.6×10⁻²⁴ ಅಂತ ಸಾಮಾನ್ಯವಾಗಿ ಇರುತ್ತದೆ. ಇವುಗಳನ್ನು ಬಳಸಲು S²⁻ ಎಷ್ಟಿದೆ ಅಂತ ಗೊತ್ತಿರಬೇಕು, ಅದಕ್ಕೆ H₂S ನ ಎರಡನೇ ವಿಘಟನಾ ಸ್ಥಿರಾಂಕ ಬೇಕು. ಅಲ್ಲೇ ತೊಂದರೆ. ಹಳೆಯ ಪುಸ್ತಕಗಳಲ್ಲಿ ಅದು 10⁻¹³ ರಿಂದ 10⁻¹⁵ ರ ಸುತ್ತ ಇದ್ದರೆ, ಹೊಸ ಅಳತೆಗಳಲ್ಲಿ 10⁻¹⁹ ರ ಹತ್ತಿರ. ಒಂದು ಪುಸ್ತಕದ Ksp, ಇನ್ನೊಂದರ ವಿಘಟನಾ ಸ್ಥಿರಾಂಕ ಸೇರಿಸಿ ಲೆಕ್ಕ ಹಾಕಿದರೆ ಸತು 2ನೇ ಗುಂಪಿನಲ್ಲೇ ಬೀಳುತ್ತದೆ ಅಂತಲೂ ಉತ್ತರ ಬರಬಹುದು. ನಿಮಗೆ ಹಾಗೆ ಬಂದಿದ್ದರೆ ತಪ್ಪು ನಿಮ್ಮ ಗುಣಾಕಾರದಲ್ಲಿ ಇರಲಿಕ್ಕಿಲ್ಲ.

ಇದಕ್ಕೆ ಒಳ್ಳೆಯ ದಾರಿ S²⁻ ಅನ್ನೇ ಬಿಟ್ಟುಬಿಡುವುದು. ಎರಡೂ ಸಮತೋಲನಗಳನ್ನು ಕೂಡಿಸಿ ಹೀಗೆ ಬರೆಯಿರಿ:

```
MS + 2H⁺ ⇌ M²⁺ + H₂S
K = [M²⁺][H₂S] / [H⁺]²
```

ಇದು ಆಮ್ಲದಲ್ಲಿನ ವಿಲೀನತಾ ಗುಣಲಬ್ಧ. CuS ಗೆ 6×10⁻¹⁶, ZnS ಗೆ (ವುರ್ಟ್‌ಜೈಟ್ ರೂಪಕ್ಕೆ) 3×10⁻². ಕೊಠಡಿಯ ಉಷ್ಣತೆಯಲ್ಲಿ H₂S ನಿಂದ ತುಂಬಿದ ನೀರಿನಲ್ಲಿ ಅದರ ಸಾರತೆ ಸುಮಾರು 0.1 M. H⁺ 0.3 M. ಹಾಗಾದರೆ ದ್ರಾವಣದಲ್ಲಿ ಎಷ್ಟು ಲೋಹ ಉಳಿಯಬಹುದು?

```
Cu: 6×10⁻¹⁶ × 0.09 / 0.1 = 5×10⁻¹⁶ M
Zn: 3×10⁻²  × 0.09 / 0.1 = 2.7×10⁻² M
```

ನಮ್ಮಲ್ಲಿ ಇರುವುದು ತಲಾ 0.01 M. ತಾಮ್ರದ ಮಿತಿ ಅದಕ್ಕಿಂತ ಎಷ್ಟೋ ಕೆಳಗಿದೆ, ಪೂರ್ತಿ ಬೀಳುತ್ತದೆ. ಸತುವಿನ ಮಿತಿ 0.027, ನಮ್ಮ 0.01 ಅದರೊಳಗೇ ಇದೆ. ಬೀಳುವುದಿಲ್ಲ. ಅಲ್ಯುಮಿನಿಯಂ ನೀರಿನಲ್ಲಿ ಸಲ್ಫೈಡ್ ಆಗಿ ಬೀಳುವುದೇ ಇಲ್ಲ, ಅದರ ಚಿಂತೆ ಈಗ ಬೇಡ.

ಈಗ ಆಮ್ಲವನ್ನು 0.1 M ಗೆ ಇಳಿಸಿ ಅದೇ ಲೆಕ್ಕ ಹಾಕಿ. ಸತುವಿನ ಮಿತಿ 0.003 M ಗೆ ಬಂತು. ಸತುವಿನ ದೊಡ್ಡ ಪಾಲು ತಾಮ್ರದ ಜೊತೆಗೇ ಬೀಳಬಹುದು, ಕಪ್ಪು CuS ನಡುವೆ ಬಿಳಿ ZnS ಕಾಣುವುದೂ ಇಲ್ಲ. 4ನೇ ಗುಂಪಿಗೆ ಬಂದಾಗ ಸತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಸಿಗುತ್ತದೆ.

ಹಾಗಂತ ಆಮ್ಲ ಜಾಸ್ತಿ ಹಾಕಿಬಿಡೋಣ ಅನ್ನುವ ಹಾಗಿಲ್ಲ. ತಾಮ್ರಕ್ಕೆ ಏನೂ ಆಗುವುದಿಲ್ಲ ನಿಜ, ಆದರೆ ಗೊತ್ತಿಲ್ಲದ ಮಿಶ್ರಣದಲ್ಲಿ ಕ್ಯಾಡ್ಮಿಯಂ ಅಥವಾ ಸೀಸ ಇದ್ದರೆ ಅವು ಬೀಳದೆ ಉಳಿದುಬಿಡುತ್ತವೆ. ಅವುಗಳ K 10⁻⁷ ರ ಸುತ್ತ ಇದೆ, ಜೊತೆಗೆ HCl ನ ಕ್ಲೋರೈಡ್ ಅಯಾನುಗಳು ಅವನ್ನು ಸಂಕೀರ್ಣವಾಗಿ ಕಟ್ಟಿಕೊಳ್ಳುತ್ತವೆ. ಆದ್ದರಿಂದಲೇ 0.3 M ಅನ್ನುವ ನಡುವಿನ ಜಾಗ.

ಗೊತ್ತಿಲ್ಲದ ದ್ರಾವಣದಲ್ಲಿ ಆಮ್ಲ ಎಷ್ಟಿದೆ ಅಂತ ನೋಡಲು ಮಿಥೈಲ್ ವಯಲೆಟ್ ಒಳ್ಳೆಯದು. ಲಿಟ್ಮಸ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಅದು ತುಂಬ ಮೊದಲೇ ಕೆಂಪಾಗಿರುತ್ತದೆ. ಮಿಥೈಲ್ ವಯಲೆಟ್ ಆಮ್ಲ ಏರಿದಂತೆ ನೇರಳೆಯಿಂದ ನೀಲಿಗೆ, ಆಮೇಲೆ ಹಸಿರಿನ ಕಡೆಗೆ, ಕೊನೆಗೆ ಹಳದಿಗೆ ಹೋಗುತ್ತದೆ. 0.3 M HCl ಬೇರೆ ಮಾಡಿಟ್ಟುಕೊಂಡು, ಅದರ ಬಣ್ಣದ ಜೊತೆ ನಿಮ್ಮ ದ್ರಾವಣದ ಬಣ್ಣ ಹೋಲಿಸಿ. ತಾಮ್ರ ಬೀಳುವಾಗ H₂S ನಿಂದ H⁺ ಹೊರಬರುತ್ತದೆ ಅನ್ನುವುದು ನೆನಪಿರಲಿ. 0.01 M ತಾಮ್ರಕ್ಕೆ 0.02 M H⁺. ನಮ್ಮ ದ್ರಾವಣದಲ್ಲಿ ಸಲ್ಫೇಟ್ ಸ್ವಲ್ಪ H⁺ ಕಟ್ಟಿಕೊಂಡಿರುವುದರಿಂದ ಇದು ಹೆಚ್ಚುಕಡಿಮೆ ಸರಿಹೋಗುತ್ತದೆ. ತಾಮ್ರ ಜಾಸ್ತಿ ಇರುವ ದ್ರಾವಣದಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈಗ ಕೆಲಸ. ದ್ರಾವಣವನ್ನು ಬೆಚ್ಚಗೆ ಮಾಡಿ, ಕಿಪ್ಸ್ ಉಪಕರಣದಿಂದ H₂S ಅನ್ನು ನಿಧಾನವಾಗಿ ಬಿಡಿ. ಫ್ಯೂಮ್ ಹುಡ್ ಒಳಗೇ ಮಾಡಿ, ಇದರಲ್ಲಿ ರಾಜಿ ಬೇಡ. H₂S ವಿಷ, ಅದರ ಪ್ರಮಾಣ ಜಾಸ್ತಿ ಆದಾಗ ಮೂಗಿಗೆ ವಾಸನೆ ತಿಳಿಯುವುದೇ ನಿಂತುಹೋಗುತ್ತದೆ. ವಾಸನೆ ಹೋಯಿತು ಅಂದರೆ ಅನಿಲ ಹೋಯಿತು ಅಂತ ಅಂದುಕೊಳ್ಳಬೇಡಿ.

ಕಪ್ಪು ಪ್ರಕ್ಷೇಪ ಬಿದ್ದ ಮೇಲೆ ದ್ರಾವಣ ತಣ್ಣಗಾಗಲಿ, ಮತ್ತೆ ಸ್ವಲ್ಪ H₂S ಬಿಡಿ. ಬಿಸಿ ದ್ರಾವಣದಲ್ಲಿ ಅನಿಲ ಕಡಿಮೆ ಕರಗುತ್ತದೆ, ಅದಕ್ಕೇ ಈ ಎರಡನೇ ಸಲ. ಆಮೇಲೆ ಮೇಲಿನ ತಿಳಿಯಲ್ಲಿ ಎರಡು ಹನಿ ತೆಗೆದು H₂S ನೀರು ಹಾಕಿ. ಕಪ್ಪಾಗದಿದ್ದರೆ ತಾಮ್ರ ಮುಗಿದಿದೆ.

ತಡಮಾಡದೆ ಸೋಸಿ. ಇದು ಅವಸರದ ಮಾತಲ್ಲ, ಇದರ ಹಿಂದೆ ಕಾರಣ ಇದೆ. ZnS ಗೆ ಇನ್ನೊಂದು ಸ್ಫಟಿಕ ರೂಪವೂ ಇದೆ, ಸ್ಫಾಲರೈಟ್. ಅದರ K 2×10⁻⁴. ಆ ಅಂಕಿ ಹಾಕಿ ನೋಡಿದರೆ ಸತುವಿನ ಮಿತಿ 1.8×10⁻⁴ M ಆಗುತ್ತದೆ. ಅಂದರೆ ದೀರ್ಘ ಕಾಲ ಬಿಟ್ಟರೆ 0.3 M ಆಮ್ಲದಲ್ಲೂ ಸತು ಬೀಳಬೇಕು! ಸುಮ್ನೆ ಬಿಟ್ಟ ದ್ರಾವಣದಲ್ಲಿ ಅದು ತಾನಾಗಿ ಶುರುವಾಗುವುದು ನಿಧಾನ, ಆದರೆ CuS ಕಣಗಳ ಮೈ ಸಿಕ್ಕಿದರೆ ಅದರ ಮೇಲೆ ZnS ಮೆಲ್ಲಗೆ ಕೂರುತ್ತಾ ಹೋಗುತ್ತದೆ. ಊಟ ಮುಗಿಸಿಕೊಂಡು ಬಂದು ಸೋಸೋಣ ಅಂತ ಬಿಟ್ಟ ಟ್ಯೂಬ್‌ನಲ್ಲಿ ಸತು ಕಳೆದುಹೋಗುವುದು ಹೀಗೆ. Ksp ಹೇಳುವುದು ಎಲ್ಲಿಗೆ ಮುಟ್ಟುತ್ತದೆ ಅಂತ, ಎಷ್ಟು ಹೊತ್ತಿನಲ್ಲಿ ಮುಟ್ಟುತ್ತದೆ ಅಂತ ಅಲ್ಲ.

ಪ್ರಕ್ಷೇಪವನ್ನು ಬರೀ ನೀರಿನಲ್ಲಿ ತೊಳೆಯಬೇಡಿ. ಒದ್ದೆ CuS ಗಾಳಿಗೆ ಆಕ್ಸಿಡೀಕರಣಗೊಂಡು ಕರಗುವ ಸಲ್ಫೇಟ್ ಆಗುತ್ತದೆ, ಜೊತೆಗೆ ಕಲಿಲವಾಗಿ ಕಾಗದದೊಳಗಿಂದ ಜಾರುತ್ತದೆ. ಸ್ವಲ್ಪ NH₄Cl ಮತ್ತು H₂S ಇರುವ ನೀರಿನಲ್ಲಿ ತೊಳೆಯಿರಿ. ತಾಮ್ರ ಹೌದಾ ಅಂತ ಖಚಿತ ಮಾಡಲು, ಬಿಸಿ ಡೈಲ್ಯೂಟ್ HNO₃ ನಲ್ಲಿ ಕರಗಿಸಿ ಅಮೋನಿಯ ಹಾಕಿ. ಕಡು ನೀಲಿ ಬಂದರೆ ಮುಗಿಯಿತು.

ಹಂತ 2: ಉಳಿದ H₂S ಅನ್ನು ಓಡಿಸುವುದು

ಫಿಲ್ಟ್ರೇಟ್‌ನಲ್ಲಿ ಈಗ ಸತು, ಅಲ್ಯುಮಿನಿಯಂ, ಜೊತೆಗೆ ಕರಗಿದ H₂S ಇದೆ. ಇದಕ್ಕೆ ನೇರವಾಗಿ ಅಮೋನಿಯ ಹಾಕಿದರೆ H⁺ ಇಳಿಯುತ್ತದೆ, S²⁻ ಏರುತ್ತದೆ, ಸತು ಆಗಲೇ ಬಿದ್ದು 3ನೇ ಗುಂಪಿನಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೆ ಕುದಿಸಿ. ಲೆಡ್ ಅಸಿಟೇಟ್ ಕಾಗದವನ್ನು ಹಬೆಗೆ ಹಿಡಿಯಿರಿ, ಅದು ಕಪ್ಪಾಗುವುದು ನಿಲ್ಲುವವರೆಗೂ ಕುದಿಸಿ. ಆವಿಯಾದಷ್ಟು ನೀರು ಸೇರಿಸಿ ಮತ್ತೆ 10 mL ಮಾಡಿ. ಮಿಶ್ರಣದಲ್ಲಿ ಕಬ್ಬಿಣ ಇದ್ದಿದ್ದರೆ ಇಲ್ಲಿ ಎರಡು ಹನಿ ಕಾನ್ಸಂಟ್ರೇಟೆಡ್ HNO₃ ಹಾಕಿ ಕುದಿಸಬೇಕಿತ್ತು, ಯಾಕೆಂದರೆ H₂S ಅದನ್ನು Fe²⁺ ಗೆ ಇಳಿಸಿರುತ್ತದೆ. ನಮಗೆ ಅದು ಬೇಡ.

ಹಂತ 3: NH₄Cl, ಆಮೇಲೆ NH₄OH, ಅಲ್ಯುಮಿನಿಯಂ ಮಾತ್ರ

ಇಲ್ಲಿ ಹಿಡಿತದಲ್ಲಿಡಬೇಕಾದದ್ದು OH⁻. Al(OH)₃ ನ Ksp 1.3×10⁻³³, Zn(OH)₂ ನದು ಸುಮಾರು 3×10⁻¹⁷. ಉಳಿದ ಅಮೋನಿಯ 0.1 M ಇದೆ ಅಂತ ಇಟ್ಟುಕೊಳ್ಳಿ. Kb 1.8×10⁻⁵.

NH₄Cl ಇಲ್ಲದ ಬರೀ ಅಮೋನಿಯದಲ್ಲಿ OH⁻ 1.3×10⁻³ M. 1 M NH₄Cl ಇದ್ದರೆ ಸಮಾನ ಅಯಾನು ಪರಿಣಾಮದಿಂದ ಅದು 1.8×10⁻⁶ M ಗೆ ಇಳಿಯುತ್ತದೆ, pH 8.3 ರ ಹತ್ತಿರ. ಆ ಸಣ್ಣ OH⁻ ಕೂಡ ಅಲ್ಯುಮಿನಿಯಂಗೆ ಧಾರಾಳ ಸಾಕು:

```
[Al³⁺] = 1.3×10⁻³³ / (1.8×10⁻⁶)³ = 2×10⁻¹⁶ M
```

ಸತುವಿನ ವಿಷಯಕ್ಕೆ ಬಂದರೆ ಬಹಳ ಜನ ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. 0.01 M ಸತುವಿಗೆ Q ಲೆಕ್ಕ ಹಾಕಿದರೆ 0.01 × (1.8×10⁻⁶)² = 3×10⁻¹⁴. ಇದು 3×10⁻¹⁷ ಕ್ಕಿಂತ ಸಾವಿರ ಪಟ್ಟು ಜಾಸ್ತಿ! ಅಂದರೆ NH₄Cl ಇದ್ದರೂ ಸತು ಬೀಳಬೇಕು, ಅಲ್ವಾ? ಆದರೆ ಬೀಳುವುದಿಲ್ಲ. ಕಾರಣ, Ksp ಲೆಕ್ಕಕ್ಕೆ ಹೋಗುವುದು ಸ್ವತಂತ್ರವಾಗಿರುವ Zn²⁺ ಮಾತ್ರ. ಅಮೋನಿಯ ಇರುವಾಗ ಸತುವಿನ ಬಹುಪಾಲು Zn(NH₃)₄²⁺ ಆಗಿ ಕಟ್ಟಿಕೊಂಡಿರುತ್ತದೆ, ಅದರ ರಚನಾ ಸ್ಥಿರಾಂಕ ಸುಮಾರು 2.9×10⁹. 0.1 M ಅಮೋನಿಯದಲ್ಲಿ ಸ್ವತಂತ್ರ ಸತು ಹೀಗಾಗುತ್ತದೆ:

```
[Zn²⁺] = 0.01 / (2.9×10⁹ × 0.1⁴) = 3.4×10⁻⁸ M

NH₄Cl ಇದ್ದರೆ:  Q = 3.4×10⁻⁸ × (1.8×10⁻⁶)² = 1×10⁻¹⁹
NH₄Cl ಇಲ್ಲದಿದ್ದರೆ: Q = 3.4×10⁻⁸ × (1.3×10⁻³)² = 6×10⁻¹⁴
```

ಮೊದಲನೆಯದು 3×10⁻¹⁷ ಕ್ಕಿಂತ ಕಡಿಮೆ, ಸತು ದ್ರಾವಣದಲ್ಲೇ ಉಳಿಯುತ್ತದೆ. ಎರಡನೆಯದು ಜಾಸ್ತಿ, ಬೀಳುತ್ತದೆ. ನೋಡಿ, ಅಮೋನಿಯ ಕಟ್ಟಿಕೊಳ್ಳುವುದೂ ಬೇಕು, NH₄Cl ಅದುಮುವುದೂ ಬೇಕು. ಒಂದೇ ಇದ್ದರೆ ಈ ಮಿಶ್ರಣ ಬೇರೆಯಾಗುವುದಿಲ್ಲ.

NH₄Cl ಗೆ ಇನ್ನೊಂದು ಕೆಲಸವೂ ಇದೆ. Al(OH)₃ ಉಭಯಧರ್ಮಿ, OH⁻ ಜಾಸ್ತಿ ಆದರೆ ಅಲ್ಯುಮಿನೇಟ್ ಆಗಿ ಸ್ವಲ್ಪ ಕರಗುತ್ತದೆ. ಹಾಗಾಗಿ ಮೇಲಿನ 2×10⁻¹⁶ ಅನ್ನುವುದು Al³⁺ ಎಷ್ಟು ಅಂತ ಮಾತ್ರ ಹೇಳುತ್ತದೆ, ದ್ರಾವಣದಲ್ಲಿ ಉಳಿದ ಒಟ್ಟು ಅಲ್ಯುಮಿನಿಯಂ ಅದಕ್ಕಿಂತ ಜಾಸ್ತಿ ಇರುತ್ತದೆ. ಆದರೂ pH 8 ರ ಸುತ್ತ ಅದು ತುಂಬ ಕಡಿಮೆಯೇ.

ಮಾಡುವ ಕ್ರಮ ಹೀಗೆ. 10 mL ದ್ರಾವಣಕ್ಕೆ ಸುಮಾರು ಅರ್ಧ ಗ್ರಾಂ NH₄Cl ಹಾಕಿ ಪೂರ್ತಿ ಕರಗಿಸಿ. ಬಿಸಿ ಮಾಡಿ. ಡೈಲ್ಯೂಟ್ ಅಮೋನಿಯವನ್ನು ಹನಿಹನಿಯಾಗಿ, ಅಲುಗಾಡಿಸುತ್ತಾ ಹಾಕಿ. ಅಲುಗಾಡಿಸಿದ ಮೇಲೂ ಅಮೋನಿಯದ ವಾಸನೆ ಉಳಿದರೆ ಇನ್ನು ಕೆಲವೇ ಹನಿ ಹಾಕಿ ನಿಲ್ಲಿಸಿ. ಘಾಟು ಹೊಡೆಯುವಷ್ಟು ಹಾಕಬೇಡಿ.

Al(OH)₃ ಬಿಳಿ ಪುಡಿಯ ಹಾಗೆ ಬೀಳುವುದಿಲ್ಲ. ಅರೆಪಾರದರ್ಶಕ ಲೋಳೆ ಅದು, ಬೆಳಕಿನ ಕಡೆ ಹಿಡಿದರೆ ಏನೂ ಇಲ್ಲ ಅನಿಸುತ್ತದೆ. ಟ್ಯೂಬ್ ಹಿಂದೆ ಕಪ್ಪು ಕಾಗದ ಹಿಡಿದು, ಎರಡು ನಿಮಿಷ ಬಿಸಿಯಲ್ಲಿ ಇಟ್ಟು ನೋಡಿ. ಆಗ ಮೋಡದಂತೆ ಒಟ್ಟುಗೂಡುತ್ತದೆ.

ದ್ರಾವಣದ ಬಣ್ಣವನ್ನೂ ಗಮನಿಸಿ. ಅಮೋನಿಯ ಹಾಕಿದೊಡನೆ ನೀಲಿ ಛಾಯೆ ಬಂದರೆ ಮೊದಲ ಹಂತದಲ್ಲಿ ತಾಮ್ರ ಪೂರ್ತಿ ಬಿದ್ದಿಲ್ಲ. ಮುಂದೆ ಹೋಗಬೇಡಿ, ಮತ್ತೆ ಆಮ್ಲ ಮಾಡಿ H₂S ಬಿಡಿ. ಪ್ರಕ್ಷೇಪ ಕಂದು ಕೆಂಪಾಗಿದ್ದರೆ ರಾಸಾಯನಿಕದಲ್ಲಿ ಕಬ್ಬಿಣದ ಕಲ್ಮಶ ಇದೆ.

ಸೋಸಿ, ಬಿಸಿ ಡೈಲ್ಯೂಟ್ NH₄Cl ದ್ರಾವಣದಲ್ಲಿ ತೊಳೆಯಿರಿ. ಈ ಲೋಳೆ ತನ್ನ ಮೈಮೇಲೆ ಸತುವನ್ನು ಹಿಡಿದುಕೊಳ್ಳುತ್ತದೆ, ಅದಕ್ಕೂ Ksp ಗೂ ಸಂಬಂಧವೇ ಇಲ್ಲ. ಚೆನ್ನಾಗಿ ಬೇರೆಯಾಗಬೇಕು ಅಂದರೆ ಪ್ರಕ್ಷೇಪವನ್ನು ಡೈಲ್ಯೂಟ್ HCl ನಲ್ಲಿ ಕರಗಿಸಿ, NH₄Cl ಮತ್ತು ಅಮೋನಿಯದಿಂದ ಇನ್ನೊಂದು ಸಲ ಬೀಳಿಸಿ, ಎರಡೂ ಫಿಲ್ಟ್ರೇಟ್ ಸೇರಿಸಿಕೊಳ್ಳಿ. ಖಚಿತಪಡಿಸಲು ಬ್ಲೂ ಲೇಕ್ ಪರೀಕ್ಷೆ ಸಾಕು: ಡೈಲ್ಯೂಟ್ HCl ನಲ್ಲಿ ಕರಗಿಸಿ, ನೀಲಿ ಲಿಟ್ಮಸ್ ದ್ರಾವಣ ಎರಡು ಹನಿ ಹಾಕಿ, ಮೇಲಿಂದ ಅಮೋನಿಯ ಬಿಟ್ಟರೆ ಬಣ್ಣವಿಲ್ಲದ ದ್ರವದಲ್ಲಿ ನೀಲಿ ಲೋಳೆ ತೇಲುತ್ತದೆ.

ಹಂತ 4: ಅದೇ H₂S, ಈ ಸಲ ಸತು

ಫಿಲ್ಟ್ರೇಟ್ pH 8.3 ರಲ್ಲಿದೆ, H⁺ ಸುಮಾರು 5.6×10⁻⁹ M. ಮೊದಲ ಹಂತದ ಅದೇ ಸಮೀಕರಣ ತೆಗೆದುಕೊಳ್ಳಿ. ಇಲ್ಲಿ ಅನಿಲದ ಬಹುಪಾಲು HS⁻ ಆಗುತ್ತದೆ, ಹಾಗಾಗಿ ಉಳಿದ H₂S 0.01 M ಅಂತಲೇ ಇಟ್ಟುಕೊಳ್ಳೋಣ:

```
[Zn²⁺] = 3×10⁻² × (5.6×10⁻⁹)² / 0.01 = 9×10⁻¹⁷ M
```

ಅಮೋನಿಯ ಸಂಕೀರ್ಣವಾಗಿ ಇರುವ ಸತುವನ್ನು ಸೇರಿಸಿದರೂ ಒಟ್ಟು 3×10⁻¹¹ M ಅಷ್ಟೇ. 0.3 M ಆಮ್ಲದಲ್ಲಿ 2.7×10⁻² M ವರೆಗೂ ಉಳಿಯಬಹುದಾಗಿದ್ದ ಸತು ಇದು! ಸ್ಥಿರಾಂಕ ಬದಲಾಗಿಲ್ಲ, ಬದಲಾದದ್ದು H⁺ ಮಾತ್ರ. ಅಮೋನಿಯ ಸಂಕೀರ್ಣ ಹೈಡ್ರಾಕ್ಸೈಡ್‌ನಿಂದ ಸತುವನ್ನು ಉಳಿಸಿತ್ತು, ಸಲ್ಫೈಡ್‌ನಿಂದ ಉಳಿಸಲು ಅದಕ್ಕೆ ಶಕ್ತಿ ಸಾಲದು.

H₂S ಬಿಟ್ಟರೆ ಬಿಳಿ ಪ್ರಕ್ಷೇಪ ಬರಬೇಕು. ಬೂದು ಅಥವಾ ಕಪ್ಪು ಛಾಯೆ ಇದ್ದರೆ ತಾಮ್ರ, ಕಬ್ಬಿಣ, ನಿಕಲ್ ಯಾವುದೋ ಒಂದು ಉಳಿದಿದೆ. ಬರೀ ಹಾಲಿನಂತೆ ಮಬ್ಬಾಗಿ, ತಳಕ್ಕೆ ಕೂರದೆ ಇದ್ದರೆ ಅದು ಗಂಧಕವೂ ಇರಬಹುದು. ಡೈಲ್ಯೂಟ್ HCl ಹಾಕಿ ನೋಡಿ, ZnS ಕರಗುತ್ತದೆ, ಗಂಧಕ ಕರಗುವುದಿಲ್ಲ.

ಕರಗಿದ ದ್ರಾವಣವನ್ನು ಕುದಿಸಿ H₂S ಪೂರ್ತಿ ಓಡಿಸಿ, ತಣ್ಣಗಾದ ಮೇಲೆ ಎರಡು ಭಾಗ ಮಾಡಿ. ಒಂದಕ್ಕೆ NaOH ಹನಿಹನಿಯಾಗಿ ಹಾಕಿ: ಬಿಳಿ ಪ್ರಕ್ಷೇಪ ಬಂದು, ಇನ್ನಷ್ಟು ಹಾಕಿದಾಗ ಕರಗಬೇಕು. ಅಲ್ಯುಮಿನಿಯಂ ಉಳಿದಿದ್ದರೆ ಅದೂ ಹೀಗೇ ಕರಗುತ್ತದೆ, ಆದ್ದರಿಂದ ಈ ಒಂದು ಪರೀಕ್ಷೆಯನ್ನೇ ನಂಬಬೇಡಿ. ಇನ್ನೊಂದು ಭಾಗಕ್ಕೆ ಪೊಟ್ಯಾಸಿಯಂ ಫೆರೋಸಯನೈಡ್ ಹಾಕಿ. ಬಿಳಿ ಅಥವಾ ನೀಲಿ ಮಿಶ್ರಿತ ಬಿಳಿ ಪ್ರಕ್ಷೇಪ ಬಂದರೆ ಸತು. ಅದು ಚಾಕೊಲೇಟ್ ಕಂದು ಬಣ್ಣಕ್ಕೆ ತಿರುಗಿದರೆ ತಾಮ್ರ ಇಲ್ಲಿವರೆಗೂ ಬಂದಿದೆ ಅಂತ ಅರ್ಥ, ಮೊದಲ ಹಂತದಿಂದ ಮತ್ತೆ ಶುರುಮಾಡಬೇಕು.